5.8 ಕೋಟಿ ಡಾಲರ್ ಮಾರಲು ಹೋಗಿ 44,400 ಕೋಟಿಯ ಆರ್ಡರ್: ತಡೆಗಳು ಇದ್ದೂ ಯಾಕೆ ತಡೆಯಲಿಲ್ಲ?

2022ರ ಮೇ 2, ಸೋಮವಾರ. ಬ್ರಿಟನ್ನಿನಲ್ಲಿ ಬ್ಯಾಂಕ್ ರಜೆ, ಲಂಡನ್ ಷೇರು ಮಾರುಕಟ್ಟೆ ಮುಚ್ಚಿತ್ತು. ಯುರೋಪಿನ ಉಳಿದ ಮಾರುಕಟ್ಟೆಗಳು ತೆರೆದಿದ್ದವು, ಆದರೆ ವ್ಯವಹಾರ ತೆಳುವಾಗಿತ್ತು. ಬೆಳಿಗ್ಗೆ ಇದ್ದಕ್ಕಿದ್ದಂತೆ ಸ್ಟಾಕ್‌ಹೋಮ್ ಸೂಚ್ಯಂಕ ಕೆಲವೇ ನಿಮಿಷಗಳಲ್ಲಿ ಸುಮಾರು 8% ಕುಸಿಯಿತು. ಆಮೇಲೆ ಬಹುಪಾಲು ಮೇಲೆದ್ದಿತು. ಅಂಥ ಹೊಸ ಸುದ್ದಿಯೇನೂ ಇರಲಿಲ್ಲ, ಯಾವ ಕಂಪನಿಯೂ ಮುಳುಗಿರಲಿಲ್ಲ. ಸಿಟಿಗ್ರೂಪ್‌ನ ಲಂಡನ್ ಘಟಕದ ಒಬ್ಬ ಟ್ರೇಡರ್ ಒಂದು ಸಂಖ್ಯೆಯನ್ನು ಬೇರೆ ಕಾಲಂನಲ್ಲಿ ಹಾಕಿದ್ದರು, ಅಷ್ಟೇ.

ಕೈತಪ್ಪಿನ ಆರ್ಡರ್‌ಗಳ ಕಥೆ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣ ಬೇರೆ. ಇಲ್ಲಿ ತಡೆಗಳು ಇರಲಿಲ್ಲ ಎಂದಲ್ಲ, ಇದ್ದವು. ಕೆಲವು ಚೆನ್ನಾಗಿಯೇ ಕೆಲಸ ಮಾಡಿದವು. ಆದರೂ ದೊಡ್ಡ ಮೊತ್ತದ ಆರ್ಡರ್ ಮಾರುಕಟ್ಟೆಗೆ ಹೋಯಿತು. ಆರ್ಡರ್ ಸಿಸ್ಟಂ ಕಟ್ಟುವವರು ಕಲಿಯಬೇಕಾದದ್ದು ಈ 'ಆದರೂ' ಹೇಗಾಯಿತು ಎಂಬುದನ್ನು. ಬ್ರಿಟನ್ನಿನ ಎರಡು ನಿಯಂತ್ರಕ ಸಂಸ್ಥೆಗಳಾದ ಎಫ್‌ಸಿಎ ಮತ್ತು ಪಿಆರ್‌ಎ 2024ರ ಮೇನಲ್ಲಿ ದಂಡದ ಆದೇಶ ಹೊರಡಿಸಿದಾಗ ಒಳಗಿನ ವಿವರಗಳು ಹೊರಬಂದವು. ಹಾಗಾಗಿ ಇದನ್ನು ಊಹೆಯಿಲ್ಲದೆ ಬಿಡಿಸಿ ನೋಡಬಹುದು.

ಆಗಿದ್ದೇನು

ಆ ಟ್ರೇಡರ್‌ಗೆ ಬೇಕಿದ್ದದ್ದು 5.8 ಕೋಟಿ ಡಾಲರ್ ಮೌಲ್ಯದ ಷೇರುಗಳ ಒಂದು ಬ್ಯಾಸ್ಕೆಟ್ ಮಾರುವುದು. ಹಲವು ದೇಶಗಳ ಷೇರುಗಳನ್ನು ಅಳೆಯುವ ಎಂಎಸ್‌ಸಿಐ ವರ್ಲ್ಡ್ ಸೂಚ್ಯಂಕಕ್ಕೆ ಹೊಂದುವ ಬ್ಯಾಸ್ಕೆಟ್ ಅದು. ಸ್ಕ್ರೀನಿನಲ್ಲಿ ಎರಡು ಜಾಗಗಳಿದ್ದವು: ಒಂದು ಮೌಲ್ಯಕ್ಕೆ, ಇನ್ನೊಂದು ಯೂನಿಟ್‌ಗಳ ಸಂಖ್ಯೆಗೆ. 58,000,000 ಎಂಬ ಸಂಖ್ಯೆ ಯೂನಿಟ್‌ಗಳ ಜಾಗಕ್ಕೆ ಬಿತ್ತು. ಅಂದರೆ '5.8 ಕೋಟಿ ಡಾಲರಿನಷ್ಟು ಮಾರು' ಎನ್ನುವ ಬದಲು '5.8 ಕೋಟಿ ಯೂನಿಟ್ ಮಾರು' ಎಂದಾಯಿತು. ಒಟ್ಟು ಮೌಲ್ಯ 44,400 ಕೋಟಿ ಡಾಲರ್. ಭಾಗಿಸಿ ನೋಡಿದರೆ ಯೂನಿಟ್ ಒಂದಕ್ಕೆ ಸುಮಾರು 7,650 ಡಾಲರ್. ಬೇಕಿದ್ದಕ್ಕಿಂತ ಅಷ್ಟೇ ಪಟ್ಟು ದೊಡ್ಡ ಆರ್ಡರ್.

ಇಂಥ ಸಂಖ್ಯೆ ಕಣ್ಣಿಗೆ ಬೀಳಬೇಕಿತ್ತಲ್ವಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೀಳಲಿಲ್ಲ, ಅದಕ್ಕೊಂದು ಕಾರಣವಿತ್ತು. ಆ ಹೊತ್ತಿಗೆ ಸೂಚ್ಯಂಕದ ಬೆಲೆಯ ಫೀಡ್ ಸಿಗುತ್ತಿರಲಿಲ್ಲ. ಬೆಲೆ ಇಲ್ಲದಿದ್ದಾಗ ಸಿಸ್ಟಂ ಯೂನಿಟ್‌ಗೆ -1 ಡಾಲರ್ ಎಂಬ ಡೀಫಾಲ್ಟ್ ಬೆಲೆ ಹಾಕಿಕೊಂಡಿತು. ಮೈನಸ್ ಗುರುತು ಬಿಟ್ಟು ನೋಡಿದರೆ 5.8 ಕೋಟಿ ಯೂನಿಟ್ ಗುಣಿಸು ಒಂದು ಡಾಲರ್, ಒಟ್ಟು 5.8 ಕೋಟಿ ಡಾಲರ್! ಟ್ರೇಡರ್ ಮೌಲ್ಯದ ಕಾಲಂ ನೋಡಿದರೆ ತಮಗೆ ಬೇಕಾದ ಸಂಖ್ಯೆಯೇ ಕಾಣುತ್ತಿತ್ತು. ತಪ್ಪು ಬೆಲೆ ಮತ್ತು ತಪ್ಪು ಪ್ರಮಾಣ ಸೇರಿ, ನೋಡಲು ಸರಿಯಾದ ಮೊತ್ತವನ್ನು ಹುಟ್ಟಿಸಿದವು.

ಇದು ಅಪರೂಪದ ಕಾಕತಾಳೀಯ ಎಂದು ಬದಿಗಿಡುವಂತಿಲ್ಲ. 2005ರ ಡಿಸೆಂಬರ್ 8ರಂದು ಟೋಕಿಯೊದಲ್ಲಿ ಮಿಜುಹೊ ಸೆಕ್ಯೂರಿಟೀಸ್ ಮಾಡಿದ ತಪ್ಪಿನ ಲೆಕ್ಕವೂ ಹೀಗೇ ಇದೆ. ಜೆ-ಕಾಮ್ ಎಂಬ ಕಂಪನಿಯ 1 ಷೇರನ್ನು 6,10,000 ಯೆನ್‌ಗೆ ಮಾರಬೇಕಿತ್ತು. ಆರ್ಡರ್ ಹೋದದ್ದು 6,10,000 ಷೇರು, ತಲಾ 1 ಯೆನ್‌ಗೆ. ಎರಡನ್ನೂ ಗುಣಿಸಿ ನೋಡಿ, ಮೊತ್ತ ಒಂದೇ. ಆರ್ಡರಿನಲ್ಲಿ ಬರೆದ ಬೆಲೆಯನ್ನೇ ನಂಬಿ ಮೌಲ್ಯ ಲೆಕ್ಕ ಹಾಕುವ ಯಾವ ತಡೆಯೂ ಅದನ್ನು ಹಿಡಿಯುವಂತಿರಲಿಲ್ಲ. ಹಿಡಿಯಬಹುದಾಗಿದ್ದದ್ದು ಪ್ರಮಾಣದ ತಡೆ. ಆ ಕಂಪನಿ ಹೊರಡಿಸಿದ್ದ ಒಟ್ಟು ಷೇರುಗಳೇ ಸುಮಾರು 14,500. ಇರುವ ಷೇರಿನ ನಲವತ್ತು ಪಟ್ಟಿಗೂ ಜಾಸ್ತಿ ಷೇರು ಮಾರಲು ಹೊರಟ ಆರ್ಡರ್ ಅದು. ಮಿಜುಹೊಗೆ ಆದ ನಷ್ಟ 4,000 ಕೋಟಿ ಯೆನ್‌ಗೂ ಜಾಸ್ತಿ.

711 ಸಾಲುಗಳು

ಮತ್ತೆ ಲಂಡನ್ನಿಗೆ. ಟ್ರೇಡರ್ ಆರ್ಡರ್ ಕಳಿಸಲು ಹೊರಟಾಗ ಸಿಸ್ಟಂ ಸುಮ್ನೆ ಇರಲಿಲ್ಲ. ಒಂದು ಪಾಪ್-ಅಪ್ ತೆರೆಯಿತು. ಅದರಲ್ಲಿ 711 ಎಚ್ಚರಿಕೆಗಳಿದ್ದವು. ಕಣ್ಣಿಗೆ ಕಾಣುತ್ತಿದ್ದದ್ದು ಮೊದಲ 18 ಸಾಲು. ಉಳಿದದ್ದನ್ನು ನೋಡಲು ಸ್ಕ್ರೋಲ್ ಮಾಡಬೇಕು. ಆದರೆ ಸ್ಕ್ರೋಲ್ ಮಾಡಲೇಬೇಕು ಎಂಬ ನಿರ್ಬಂಧ ಇರಲಿಲ್ಲ. ಒಂದೇ ಸಲ ಎಲ್ಲವನ್ನೂ ದಾಟಿ ಮುಂದೆ ಹೋಗಬಹುದಿತ್ತು. ಹೋದರು.

ಈ ಜಾಗದಲ್ಲಿ ಟ್ರೇಡರ್‌ರನ್ನು ಬೈಯುವುದು ಸುಲಭ. ನನಗೆ ಅದು ಸರಿ ಅನ್ನಿಸುವುದಿಲ್ಲ. ನೂರಾರು ಷೇರುಗಳ ಬ್ಯಾಸ್ಕೆಟ್ ಕಳಿಸುವವರಿಗೆ ಎಚ್ಚರಿಕೆಯ ಪಟ್ಟಿ ಬರುವುದೇ ಸಹಜ. ಇಂಥ ಮಾರುಕಟ್ಟೆಗೆ ಇವತ್ತು ರಜೆ, ಈ ಷೇರಿನ ಬೆಲೆ ಹಳೆಯದು, ಇದರ ಪ್ರಮಾಣ ಸ್ವಲ್ಪ ಜಾಸ್ತಿ, ಹೀಗೆ. ಸಣ್ಣ ವಿಷಯವೂ ದೊಡ್ಡ ವಿಷಯವೂ ಒಂದೇ ಅಕ್ಷರ, ಒಂದೇ ಬಣ್ಣ, ಒಂದೇ ಪಟ್ಟಿಯಲ್ಲಿ ಬಂದರೆ ಓದುವ ಕಣ್ಣು ಸೋಲುತ್ತದೆ. ದಿನವೂ ಒತ್ತುವ 'ಓಕೆ' ಬಟನ್ ಅಂದೂ ಒತ್ತಿಹೋಗುತ್ತದೆ.

ಈ ಕ್ಷೇತ್ರದಲ್ಲಿ ತಡೆಗಳನ್ನು ಎರಡು ಜಾತಿಯಾಗಿ ನೋಡುತ್ತಾರೆ. ಸಾಫ್ಟ್ ಬ್ಲಾಕ್ ಎಂದರೆ ಎಚ್ಚರಿಸುತ್ತದೆ, ಮನುಷ್ಯ ಒಪ್ಪಿದರೆ ಬಿಡುತ್ತದೆ. ಹಾರ್ಡ್ ಬ್ಲಾಕ್ ಎಂದರೆ ಆರ್ಡರನ್ನು ರಿಜೆಕ್ಟ್ ಮಾಡುತ್ತದೆ, ಕಳಿಸಿದವರು ಏನೇ ಒತ್ತಿದರೂ ಬಿಡುವುದಿಲ್ಲ. ಮಿತಿ ಬದಲಿಸಬೇಕಾದರೆ ಬೇರೆಯವರ ಅನುಮತಿ ಬೇಕು. ಸಿಟಿಯಲ್ಲಿ ಎರಡೂ ಇದ್ದವು. ಹಾರ್ಡ್ ಬ್ಲಾಕ್ ಸೇರಿದಂತೆ ವಿವಿಧ ತಡೆಗಳು 25,500 ಕೋಟಿ ಡಾಲರಿನ ಭಾಗವನ್ನು ನಿಲ್ಲಿಸಿದವು. ಉಳಿದ 18,900 ಕೋಟಿ ಡಾಲರಿನ ಆರ್ಡರ್ ದಾಟಿಕೊಂಡು ಮಾರಾಟದ ಆಲ್ಗೋಗೆ ಹೋಯಿತು.

ಅರ್ಧಕ್ಕಿಂತ ಜಾಸ್ತಿ ನಿಂತಿತು ಎಂದು ಇದನ್ನು ಅರ್ಧ ಗೆಲುವು ಅನ್ನುವ ಹಾಗಿಲ್ಲ. ಒಂದು ಬ್ಯಾಸ್ಕೆಟ್‌ನ ಅರ್ಧ ಭಾಗ ಅಸಂಬದ್ಧ ಎಂದು ಸಿಸ್ಟಂಗೇ ಗೊತ್ತಾದ ಮೇಲೆ ಉಳಿದರ್ಧ ಸರಿಯಿರುವ ಸಾಧ್ಯತೆ ಎಷ್ಟು? ಒಬ್ಬರೇ, ಒಂದೇ ಕ್ಲಿಕ್ಕಿನಲ್ಲಿ ಕಳಿಸಿದ ಒಂದೇ ಆರ್ಡರ್ ಅದು. ಸಿಟಿಯ ತಡೆಗಳು ಅದನ್ನು ನೂರಾರು ಬಿಡಿ ಸಾಲುಗಳಾಗಿ ನೋಡಿದವು. ಮಿತಿ ಮೀರಿದ ಸಾಲು ನಿಂತಿತು, ಮೀರದ ಸಾಲು ಹೋಯಿತು. ಇಡೀ ಬ್ಯಾಸ್ಕೆಟ್ಟಿನ ಮೊತ್ತ ನೋಡಿ ಪೂರ್ತಿ ತಿರಸ್ಕರಿಸುವ ಹಾರ್ಡ್ ಬ್ಲಾಕ್ ಇರಲಿಲ್ಲ. ಎಫ್‌ಸಿಎ ಎತ್ತಿ ತೋರಿಸಿದ ಮುಖ್ಯ ಕೊರತೆ ಇದೇ.

ಆಲ್ಗೋ ಒಳಗೆ ಹೋದ ಮೇಲೆ

ಇಡೀ ಪ್ರಕರಣದಲ್ಲಿ ಜನ ಜಾಸ್ತಿ ಗಮನಿಸದ ಭಾಗ ಇದು. ಆಲ್ಗೋ ಕೆಲಸವೇ ದೊಡ್ಡ ಆರ್ಡರನ್ನು ಚಿಕ್ಕಚಿಕ್ಕದಾಗಿ ಕತ್ತರಿಸಿ, ದಿನವಿಡೀ ಹಂಚಿ ಮಾರುವುದು. ಮಾರುಕಟ್ಟೆ ಬೆದರದಿರಲಿ ಎಂದೇ ಹಾಗೆ ಮಾಡುತ್ತಾರೆ. ಮೂಲ ಆರ್ಡರ್ ಸರಿಯಿದ್ದಾಗ ಇದು ಒಳ್ಳೆಯದೇ. ಮೂಲ ಆರ್ಡರೇ ತಪ್ಪಾಗಿದ್ದರೆ? ಕತ್ತರಿಸಿದ ಪ್ರತಿ ತುಂಡೂ ನೋಡಲು ದಿನನಿತ್ಯದ ಆರ್ಡರಿನಂತೆಯೇ ಇರುತ್ತದೆ. ಪ್ರಮಾಣ ಮಿತಿಯೊಳಗೆ, ಬೆಲೆ ಮಾರುಕಟ್ಟೆಯ ಹತ್ತಿರವೇ. ಎಕ್ಸ್‌ಚೇಂಜಿನ ಬಾಗಿಲಲ್ಲಿ ಇರುವ ತಡೆ ನೋಡುವುದು ಆ ತುಂಡನ್ನು ಮಾತ್ರ. ಅದರ ಹಿಂದೆ 18,900 ಕೋಟಿ ಇದೆ ಎಂದು ಅದಕ್ಕೆ ಗೊತ್ತಾಗುವ ದಾರಿಯಿಲ್ಲ. ಹಾಗಾಗಿ ಪ್ರಮಾಣದ ಮುಖ್ಯ ತಡೆ ಕತ್ತರಿಸುವ ಮುಂಚೆಯೇ ಇರಬೇಕು. ಕತ್ತರಿಸಿದ ಮೇಲೆ ಹಿಡಿಯಲು ಹೋದರೆ ಹಿಡಿಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಬೆಲೆಯ ತಡೆಗೂ ಇಲ್ಲೊಂದು ಕುರುಡು ಜಾಗವಿದೆ. ಸಾಮಾನ್ಯವಾಗಿ ಬೆಲೆಯ ತಡೆ ಹೀಗಿರುತ್ತದೆ: ಕೊನೆಯ ವ್ಯವಹಾರದ ಬೆಲೆಗಿಂತ, ಅಂದುಕೊಳ್ಳಿ, 3% ಆಚೀಚೆ ಹೋದ ಆರ್ಡರ್ ತಿರಸ್ಕೃತ. ಈಗ ನಾವೇ ಮಾರುತ್ತಾ ಬೆಲೆ ಇಳಿಸುತ್ತಿದ್ದೇವೆ. 100ರಲ್ಲಿದ್ದದ್ದು 99ಕ್ಕೆ ಬಂತು. ಮುಂದಿನ ತುಂಡು 98ಕ್ಕೆ. 99ಕ್ಕೆ ಹೋಲಿಸಿದರೆ 98 ಏನೂ ದೂರವಲ್ಲ. ಅದರ ಮುಂದಿನದು 97ಕ್ಕೆ. ಹೀಗೆ 92ಕ್ಕೆ ಬಂದು ನಿಂತರೂ ಒಂದೇ ಒಂದು ಆರ್ಡರ್ ತಿರಸ್ಕೃತವಾಗುವುದಿಲ್ಲ. ನಾವೇ ಕೆಡಿಸಿದ ಬೆಲೆಯನ್ನೇ ನಾವು ಅಳತೆಗೋಲು ಮಾಡಿಕೊಂಡಿದ್ದೇವೆ. ಇದಕ್ಕೆ ಮದ್ದು, ಎರಡನೆಯ ಬೆಲೆಯೊಂದನ್ನು ಜೊತೆಗಿಟ್ಟುಕೊಳ್ಳುವುದು. ಮೂಲ ಆರ್ಡರ್ ಬಂದ ಕ್ಷಣದ ಬೆಲೆ, ಅಥವಾ ಕೆಲವು ನಿಮಿಷ ಹಿಂದಿನ ಸರಾಸರಿ. ಅದರಿಂದಲೂ ಜಾಸ್ತಿ ದೂರ ಬಂದಿದ್ದರೆ ಆಲ್ಗೋ ನಿಂತು ಕೇಳಬೇಕು.

ಸುಮಾರು ಕಾಲು ಗಂಟೆಯಲ್ಲಿ ಟ್ರೇಡರೇ ತಪ್ಪು ಅರಿತು ಆರ್ಡರ್ ರದ್ದು ಮಾಡಿದರು. ಅಷ್ಟರಲ್ಲಿ 140 ಕೋಟಿ ಡಾಲರಿನ ಷೇರುಗಳು ಮಾರಾಟವಾಗಿದ್ದವು. ಬ್ಯಾಂಕಿನೊಳಗೆ ಮಾರಾಟವನ್ನು ಅದೇ ಹೊತ್ತಿನಲ್ಲಿ ಗಮನಿಸುವ ವ್ಯವಸ್ಥೆಯೂ ಇತ್ತು, ಎಚ್ಚರಿಕೆಗಳೂ ಬಂದವು. ಆದರೆ ಅವು ಮೇಲಿನವರಿಗೆ ತಲುಪುವುದು ತಡವಾಯಿತು. ನಷ್ಟ 4.8 ಕೋಟಿ ಡಾಲರ್. ಎರಡೂ ನಿಯಂತ್ರಕರು ವಿಧಿಸಿದ ದಂಡ ಒಟ್ಟು 6.16 ಕೋಟಿ ಪೌಂಡ್. ಒಪ್ಪಿಕೊಂಡು ಇತ್ಯರ್ಥ ಮಾಡಿಕೊಂಡಿದ್ದಕ್ಕೆ 30% ರಿಯಾಯಿತಿ ಕಳೆದ ಮೇಲೆ ಇಷ್ಟು.

ಬರೆದರೆ ಹೇಗಿರಬೇಕು

ಈ ತಡೆಯ ಕೋಡ್ ಕಷ್ಟದ್ದಲ್ಲ. ಕೆಳಗಿನದು ಒಂದು ಆರ್ಡರ್ ಸಾಲಿಗೆ. `ref` ಎಂದರೆ ಹೋಲಿಸಲು ಇಟ್ಟುಕೊಂಡ ಆಧಾರಬೆಲೆ, `norm` ಎಂದರೆ ಮಿತಿಗಳು, `collar` ಎಂದರೆ ಬೆಲೆ ಎಷ್ಟು ಆಚೀಚೆ ಹೋಗಬಹುದು ಎಂಬ ಮಿತಿ. ಮುಖ್ಯವಾದದ್ದು ಅದರ ಕ್ರಮ, ಮತ್ತು ಯಾವ ಬೆಲೆಯಿಂದ ಗುಣಿಸುತ್ತೇವೆ ಎಂಬುದು.

```python
def check(order, ref, norm):
    if ref.price is None or ref.price <= 0 or ref.age_sec > norm.max_age:
        return "REJECT NO_REF"
    if abs(order.price - ref.price) > norm.collar * ref.price:
        return "REJECT PRICE"
    if order.qty > norm.max_qty:
        return "REJECT QTY"
    if order.qty * ref.price > norm.max_value:
        return "REJECT VALUE"
    return "OK"
```

ಮೊದಲ `if` ನೋಡಿ. ಆಧಾರಬೆಲೆ ಇಲ್ಲ, ಸೊನ್ನೆ, ಮೈನಸ್, ಅಥವಾ ಹಳತಾಗಿದೆ ಎಂದರೆ ಆರ್ಡರ್ ಮುಂದೆ ಹೋಗುವುದೇ ಇಲ್ಲ. ಸಿಟಿಯ -1 ಡಾಲರ್ ಈ ಸಾಲಿನಲ್ಲೇ ಸಿಕ್ಕಿಬೀಳುತ್ತಿತ್ತು. ಬೆಲೆ ಗೊತ್ತಿಲ್ಲದಿದ್ದಾಗ ಏನೋ ಒಂದು ಹಾಕಿಕೊಂಡು ಮುಂದುವರಿಯುವ ಕೋಡ್ ಬರೆಯಲು ಹಿತವಾಗಿರುತ್ತದೆ, ಸ್ಕ್ರೀನ್ ಖಾಲಿ ಕಾಣುವುದಿಲ್ಲ. ರಿಸ್ಕ್ ಲೆಕ್ಕಕ್ಕೆ ಅಂಥ ಬೆಲೆ ವಿಷ. ಆಧಾರಬೆಲೆ ಇಲ್ಲದ ದಿನ ತಡೆ ತಾನೇ ಸುಮ್ಮನಾದರೆ, ಬೇಕೇಬೇಕಿದ್ದ ದಿನವೇ ಅದು ಇಲ್ಲದಂತಾಗುತ್ತದೆ.

ಕೊನೆಯ `if`ನಲ್ಲಿ ಪ್ರಮಾಣವನ್ನು ಗುಣಿಸಿರುವುದು `ref.price`ನಿಂದ, `order.price`ನಿಂದ ಅಲ್ಲ. ಜೆ-ಕಾಮ್ ಆರ್ಡರನ್ನು ಇಲ್ಲಿ ಹಾಕಿ ನೋಡಿ. ಅಂದಿನ ಮೊದಲ ಬೆಲೆ 6,72,000 ಯೆನ್. 6,10,000 ಷೇರಿಗೆ ಅದನ್ನು ಗುಣಿಸಿದರೆ ಸುಮಾರು 41,000 ಕೋಟಿ ಯೆನ್. ಆರ್ಡರಿನ ಸ್ವಂತ ಬೆಲೆ ಹಿಡಿದರೆ 6,10,000 ಯೆನ್ ಮಾತ್ರ. ಅದೇ ಆರ್ಡರ್ ಒಂದು ಲೆಕ್ಕದಲ್ಲಿ ಹುಚ್ಚುತನ, ಇನ್ನೊಂದರಲ್ಲಿ ಮಾಮೂಲಿ.

ಈ ಸಾಲುಗಳ ಮೇಲೆ ಬ್ಯಾಸ್ಕೆಟ್ಟಿನ ತಡೆ ಕೂರಬೇಕು. ಎಲ್ಲ ಸಾಲುಗಳ ಮೊತ್ತ ಕೂಡಿಸಿ ಒಟ್ಟು ಮಿತಿಗೆ ಹೋಲಿಸಬೇಕು. ಒಂದು ಸಾಲು ಪ್ರಮಾಣ ಅಥವಾ ಮೌಲ್ಯದಲ್ಲಿ ಬಿದ್ದರೂ ಇಡೀ ಬ್ಯಾಸ್ಕೆಟ್ ಬೀಳಬೇಕು. ರಜೆ, ಹಳೆ ಬೆಲೆ ಇಂಥ ಕಾರಣಕ್ಕೆ ಬಿದ್ದ ಸಾಲನ್ನು ಬೇಕಾದರೆ ಬೇರ್ಪಡಿಸಿ, ಉಳಿದದ್ದನ್ನು ಮತ್ತೆ ಹೊಸದಾಗಿ ಕಳಿಸಲಿ.

ಮಿತಿ ಎಷ್ಟಿರಬೇಕು

ಇಲ್ಲಿಂದ ಮುಂದೆ ನಿಜವಾದ ಜಗಳ. `max_qty` ಎಂದು ಬರೆಯುವುದು ಸುಲಭ, ಸಂಖ್ಯೆ ತುಂಬುವುದು ಕಷ್ಟ.

ಪ್ರಮಾಣಕ್ಕೆ ಎರಡು ಅಳತೆ ಬೇಕು. ಒಂದು ಷೇರಿನದ್ದು: ಇತ್ತೀಚಿನ ದಿನಗಳಲ್ಲಿ ಅದು ದಿನಕ್ಕೆ ಎಷ್ಟು ಕೈ ಬದಲಿಸುತ್ತಿದೆ. ಇನ್ನೊಂದು ಕಳಿಸುವವರದ್ದು: ಈ ಡೆಸ್ಕ್, ಈ ಗ್ರಾಹಕ, ಈ ಆಲ್ಗೋ ಸಾಮಾನ್ಯವಾಗಿ ಎಷ್ಟರ ಆರ್ಡರ್ ಹಾಕುತ್ತದೆ. ಎರಡರಲ್ಲಿ ಚಿಕ್ಕದು ಮಿತಿ. ಷೇರಿನ ಅಳತೆಗೆ ಸರಾಸರಿಗಿಂತ, ದಿನಗಳ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಮಧ್ಯದ ಸಂಖ್ಯೆ ಹಿಡಿಯುವುದು ಮೇಲು. ಇಪ್ಪತ್ತು ದಿನದಲ್ಲಿ ಒಂದು ದಿನ ದೊಡ್ಡ ಬ್ಲಾಕ್ ಡೀಲ್ ಆಗಿದ್ದರೆ ಸರಾಸರಿ ಎಲ್ಲಿಗೋ ಹಾರುತ್ತದೆ, ಮಧ್ಯದ ಸಂಖ್ಯೆ ಅಲ್ಲೇ ಇರುತ್ತದೆ. ಸಿಟಿಯ ಪ್ರಕರಣದಲ್ಲಿ ಸೂಕ್ಷ್ಮ ಮಿತಿಯೇನೂ ಬೇಕಿರಲಿಲ್ಲ. 5.8 ಕೋಟಿಯ ಆರ್ಡರ್ ಹಾಕುವವರಿಗೆ ನೂರು ಪಟ್ಟು ಸಡಿಲ ಕೊಟ್ಟಿದ್ದರೂ ಮಿತಿ 580 ಕೋಟಿ. 44,400 ಕೋಟಿ ಅಲ್ಲೇ ನಿಲ್ಲುತ್ತಿತ್ತು.

ಬಿಗಿ ಮಾಡಿದಷ್ಟೂ ಒಳ್ಳೆಯದು ಎಂದೇನಿಲ್ಲ. ಒಂದು ಷೇರು 1ಕ್ಕೆ 5 ಎಂದು ಸ್ಪ್ಲಿಟ್ ಆಯಿತು ಅಂದುಕೊಳ್ಳಿ. ನಿನ್ನೆ 2,000 ರೂಪಾಯಿ, ಇವತ್ತು ಬೆಳಿಗ್ಗೆ 400. ತಡೆಯ ಹತ್ತಿರ ನಿನ್ನೆಯ ಬೆಲೆಯೇ ಇದ್ದರೆ ಮಾರುಕಟ್ಟೆ ತೆರೆಯುವ 9:15ರಿಂದ ಎಲ್ಲ ಆರ್ಡರೂ ತಿರಸ್ಕೃತ. ಬೆಲೆ ಸರಿಪಡಿಸಿ ಪ್ರಮಾಣದ ಅಳತೆಯನ್ನು ಐದು ಪಟ್ಟು ಮಾಡಲು ಮರೆತರೆ ಮತ್ತೆ ತಿರಸ್ಕೃತ. ಡೆಸ್ಕಿನವರು ಕೂಗಾಡುತ್ತಾರೆ, ಯಾರೋ ಒಬ್ಬರು 'ಸದ್ಯಕ್ಕೆ' ಎಂದು ಮಿತಿಯನ್ನು ವಿಪರೀತ ಏರಿಸುತ್ತಾರೆ. ಆ 'ಸದ್ಯಕ್ಕೆ' ತಿಂಗಳುಗಟ್ಟಲೆ ಉಳಿಯುತ್ತದೆ. ತಡೆಗಳು ಸಾಯುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ಏರಿಸಿದ ಪ್ರತಿ ಮಿತಿಗೂ ಅವಧಿ ಇರಬೇಕು. ಸಂಜೆ ಮಾರುಕಟ್ಟೆ ಮುಚ್ಚಿದಾಗ ಅದು ತಾನಾಗಿ ಹಳೆಯ ಸಂಖ್ಯೆಗೆ ಮರಳಬೇಕು.

ನಮ್ಮಲ್ಲಿ

ಭಾರತದಲ್ಲಿ ಈ ಪಾಠ ಹತ್ತು ವರ್ಷ ಮುಂಚೆಯೇ ಬಂದಿತ್ತು. 2012ರ ಅಕ್ಟೋಬರ್ 5ರಂದು ಮುಂಬೈನ ಎಂಕೆ ಗ್ಲೋಬಲ್ ಎಂಬ ಬ್ರೋಕರ್ ಸಂಸ್ಥೆಯಿಂದ 59 ತಪ್ಪು ಆರ್ಡರ್‌ಗಳು ಎನ್‌ಎಸ್‌ಇಗೆ ಹೋದವು. ಮೊತ್ತ 650 ಕೋಟಿ ರೂಪಾಯಿಗೂ ಜಾಸ್ತಿ. ನಿಫ್ಟಿ ಕ್ಷಣಮಾತ್ರದಲ್ಲಿ 15% ಮೀರಿ ಬಿತ್ತು, ವ್ಯವಹಾರ ಕಾಲು ಗಂಟೆ ನಿಂತಿತು. ರೂಪಾಯಿ ಮೌಲ್ಯದ ಸಂಖ್ಯೆ ಪ್ರಮಾಣದ ಜಾಗಕ್ಕೆ ಬಿದ್ದದ್ದೇ ಕಾರಣ ಎಂದು ಆಗ ವರದಿಯಾಗಿತ್ತು. ಅದೇ ಎಡವಟ್ಟು.

ಆ ಡಿಸೆಂಬರ್‌ನಲ್ಲಿ ಸೆಬಿ ಹೊಸ ನಿಯಮ ತಂದಿತು. 10 ಕೋಟಿ ರೂಪಾಯಿ ಮೀರಿದ ಒಂದು ಆರ್ಡರನ್ನು ಸಾಮಾನ್ಯ ಮಾರುಕಟ್ಟೆಯಲ್ಲಿ ಎಕ್ಸ್‌ಚೇಂಜ್ ತೆಗೆದುಕೊಳ್ಳುವ ಹಾಗಿಲ್ಲ. ಗ್ರಾಹಕರ ಸ್ವರೂಪ ನೋಡಿ ಬ್ರೋಕರ್ ತನ್ನದೇ ಮಿತಿ ಇಡಬೇಕು, ಇನ್ನೂ ಈಡೇರದ ಆರ್ಡರ್‌ಗಳ ಒಟ್ಟು ಮೊತ್ತಕ್ಕೂ ಮಿತಿ ಇರಬೇಕು. ನನ್ನ ಮಟ್ಟಿಗೆ ಈ ಕೊನೆಯದೇ ಹೆಚ್ಚು ಬೆಲೆಯುಳ್ಳದ್ದು. 650 ಕೋಟಿಯನ್ನು 59ರಿಂದ ಭಾಗಿಸಿದರೆ ಆರ್ಡರ್ ಒಂದಕ್ಕೆ ಸುಮಾರು 11 ಕೋಟಿ. 10 ಕೋಟಿಯ ಗೆರೆ ಒಂದಷ್ಟನ್ನು ನಿಲ್ಲಿಸುತ್ತಿತ್ತು, ಅದರ ಕೆಳಗಿದ್ದದ್ದೆಲ್ಲ ಹೋಗುತ್ತಿತ್ತು. ಒಟ್ಟು ಮೊತ್ತದ ಮಿತಿ ಮಾತ್ರ ಬಿಡಿ ಆರ್ಡರಿನ ಗಾತ್ರ ನೋಡದೆ ಎಲ್ಲವನ್ನೂ ಕೂಡಿಸಿ ಹಿಡಿಯುತ್ತದೆ. ಸಿಟಿಯಲ್ಲಿ ಇಲ್ಲದಿದ್ದದ್ದೂ ಇಂಥ ಕೂಡಿಸಿ ನೋಡುವ ತಡೆಯೇ.

ನಿಮ್ಮ ಸಿಸ್ಟಂನಲ್ಲಿ ತಡೆ ಬದುಕಿದೆಯೇ ಎಂದು ತಿಳಿಯಲು ಎರಡು ಕೆಲಸ ಸಾಕು. ಮೊದಲನೆಯದು ಲಾಗ್ ತೆಗೆದು ನೋಡುವುದು. ಸಾಫ್ಟ್ ಎಚ್ಚರಿಕೆಗಳಲ್ಲಿ ಎಷ್ಟನ್ನು ಜನ ದಾಟಿ ಹೋಗಿದ್ದಾರೆ? ಹೆಚ್ಚುಕಡಿಮೆ ಎಲ್ಲವನ್ನೂ ದಾಟಿದ್ದರೆ ಆ ಎಚ್ಚರಿಕೆಯನ್ನು ಯಾರೂ ಓದುತ್ತಿಲ್ಲ. ಅದರಲ್ಲಿ ಮಿತಿಯನ್ನು ಹಲವು ಪಟ್ಟು ಮೀರುವ ತಪ್ಪುಗಳನ್ನು ಹಾರ್ಡ್ ಬ್ಲಾಕ್ ಮಾಡಿ, ಚಿಲ್ಲರೆಯವನ್ನು ಪಟ್ಟಿಯಿಂದಲೇ ತೆಗೆಯಿರಿ. ಎರಡನೆಯದು ಟೆಸ್ಟ್ ಪರಿಸರದಲ್ಲಿ ದಿನವೂ ಬೇಕಂತಲೇ ಕೆಟ್ಟ ಆರ್ಡರ್ ಕಳಿಸುವುದು. ಬೆಲೆ ಮತ್ತು ಪ್ರಮಾಣ ಅದಲುಬದಲಾದ ಆರ್ಡರ್ ಒಂದು. ಬೆಲೆಯ ಫೀಡ್ ನಿಲ್ಲಿಸಿ ಕಳಿಸಿದ್ದು ಒಂದು. ಪ್ರತಿ ಸಾಲೂ ಮಿತಿಯೊಳಗಿದ್ದು ಒಟ್ಟು ಮಾತ್ರ ನೂರು ಪಟ್ಟು ಮೀರಿದ ಬ್ಯಾಸ್ಕೆಟ್ ಒಂದು. ಮೂರೂ ತಿರಸ್ಕೃತವಾಗಿ, ಕಾರಣದ ಕೋಡ್ ಸರಿಯಾಗಿ ಬರಬೇಕು. ಮೊದಲೆರಡು ಸಾಮಾನ್ಯವಾಗಿ ಬೇಗ ಸಿಕ್ಕಿಬೀಳುತ್ತವೆ. ಮೂರನೆಯದು `OK` ಎಂದು ಬಂದರೆ, ನಿಮ್ಮಲ್ಲಿ ಈಗ ಇರುವುದು 2022ರ ಮೇ 2ರ ಬೆಳಿಗ್ಗೆ ಸಿಟಿಯಲ್ಲಿದ್ದ ವ್ಯವಸ್ಥೆಯೇ.